ಪೆನ್ಷನ್ ಎಷ್ಟು, ಕಮ್ಯುಟೇಷನ್ ಹಣ ಎಷ್ಟು? ನೀವೇ ಲೆಕ್ಕ ಹಾಕಿ

2004ರ ಜನವರಿ 1ಕ್ಕೂ ಮೊದಲು ಅಂಚೆ ಇಲಾಖೆಗೋ ಆದಾಯ ತೆರಿಗೆ ಕಚೇರಿಗೋ ಸೇರಿ, ಈಗ 60 ತುಂಬಿ ನಿವೃತ್ತರಾಗುವ ಕೇಂದ್ರ ಸರ್ಕಾರಿ ನೌಕರರಿಗೆ ಈ ಲೆಕ್ಕ. ರಾಜ್ಯ ಸರ್ಕಾರಿ ನೌಕರರ ನಿಯಮ ಬೇರೆ.

ಮೊದಲು ಸರ್ವಿಸ್ ಬುಕ್ ತೆಗೆಸಿ ನೋಡಿ. ಪೆನ್ಷನ್‌ಗೆ ಕನಿಷ್ಠ 10 ವರ್ಷ ಅರ್ಹ ಸೇವೆ ಬೇಕು. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅರ್ಧ ವರ್ಷವೆಂದೇ ಲೆಕ್ಕ, ಹಾಗಾಗಿ 9 ವರ್ಷ 9 ತಿಂಗಳಿದ್ದರೂ ಸಾಕು. ವೈದ್ಯಕೀಯ ಸರ್ಟಿಫಿಕೇಟ್ ಇಲ್ಲದೆ ಹಾಕಿದ ಸಂಬಳರಹಿತ ರಜೆ ಸಾಮಾನ್ಯವಾಗಿ ಈ ಸೇವೆಯ ಲೆಕ್ಕದಿಂದ ಕಳೆದುಹೋಗುತ್ತದೆ. ಹಳೆಯ ರಜೆಯ ನಮೂದು ಸರಿಯಿಲ್ಲದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಪೆನ್ಷನ್ ಕಾಗದ ಹೋದಮೇಲೆ ಓಡಾಟ ಜಾಸ್ತಿ.

10 ವರ್ಷ ದಾಟಿದರೆ ಪೂರ್ತಿ ಪೆನ್ಷನ್. 33 ವರ್ಷ ಆಗಬೇಕೆಂಬ ಹಳೆಯ ಷರತ್ತು ಈಗಿಲ್ಲ. ಕೊನೆಯ ಮೂಲ ವೇತನದ ಅರ್ಧ, ಇಲ್ಲವೇ ಕೊನೆಯ 10 ತಿಂಗಳ ಸರಾಸರಿಯ ಅರ್ಧ, ಯಾವುದು ಹೆಚ್ಚೋ ಅದು ನಿಮ್ಮದು. ಡಿಎ, ಮನೆಬಾಡಿಗೆ ಭತ್ಯೆ ಸೇರಿಸಬೇಡಿ.

ಕೊನೆಯ ಮೂಲ ವೇತನ 60,400 ರೂಪಾಯಿ ಅಂದುಕೊಳ್ಳಿ. ಪೆನ್ಷನ್ 30,200. ಇದರಲ್ಲಿ ಶೇ 40ರವರೆಗೆ, ಅಂದರೆ 12,080 ರೂಪಾಯಿವರೆಗೆ ಮಾರಿಕೊಂಡು ಒಂದೇ ಸಲಕ್ಕೆ ಇಡಿಗಂಟು ಪಡೆಯಬಹುದು. ಇದೇ ಕಮ್ಯುಟೇಷನ್. ಅದನ್ನು 12ರಿಂದ ಗುಣಿಸಿ, ಬಂದದ್ದನ್ನು ವಯಸ್ಸಿನ ಪಟ್ಟಿಯ ಅಂಕಿಯಿಂದ ಗುಣಿಸಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ನೋಡಬೇಕಾದ್ದು ಮುಂದಿನ ಹುಟ್ಟುಹಬ್ಬದ ವಯಸ್ಸು. 60 ತುಂಬಿ ನಿವೃತ್ತರಾದವರಿಗೆ ಅದು 61, ಅಂಕಿ 8.194. ಹಾಗಾಗಿ 12,080 × 12 × 8.194, ಅಂದರೆ 11,87,802 ರೂಪಾಯಿ ಚಿಲ್ಲರೆ. ಅರ್ಜಿ ತಡಮಾಡಿ 61 ದಾಟಿಸಿದರೆ ಅಂಕಿ 8.093ಕ್ಕೆ ಇಳಿಯುತ್ತದೆ. ನಿವೃತ್ತಿಯಾಗಿ ಒಂದು ವರ್ಷ ಕಳೆದರೆ ವೈದ್ಯಕೀಯ ಪರೀಕ್ಷೆಯನ್ನೂ ಮಾಡಿಸಬೇಕು.

ತಿಂಗಳಿಗೆ ಕೈಗೆ ಬರುವ ಮೂಲ ಪೆನ್ಷನ್ ಈಗ 18,120. ಆದರೆ ತುಟ್ಟಿ ಪರಿಹಾರ ಸಿಗುವುದು ಪೂರ್ತಿ 30,200ರ ಮೇಲೇ. ಸ್ಲಿಪ್‌ನಲ್ಲಿ 18,120ರ ಮೇಲೆ ಲೆಕ್ಕ ಹಾಕಿದ್ದರೆ ಬ್ಯಾಂಕಿಗೆ ಹೋಗಿ ಕೇಳಿ, ಅದು ತಪ್ಪು.

ತಗೋಬೇಕಾ ಬೇಡವಾ? ಕಡಿತ 15 ವರ್ಷ ನಡೆಯುತ್ತದೆ. ತಿಂಗಳಿಗೆ 12,080ರಂತೆ ಒಟ್ಟು 21,74,400 ರೂಪಾಯಿ ಹೋಗುತ್ತದೆ. ಪಡೆದಷ್ಟು ಹಣ 8 ವರ್ಷ ಎರಡು ಮೂರು ತಿಂಗಳಲ್ಲೇ ತೀರಿರುತ್ತದೆ, ಉಳಿದದ್ದು ಬಡ್ಡಿ ಇದ್ದ ಹಾಗೆ. ಆದರೆ ನಡುವೆ ಪೆನ್ಷನ್‌ದಾರರು ತೀರಿಕೊಂಡರೆ ಮನೆಯವರಿಂದ ಒಂದು ಪೈಸೆಯೂ ವಸೂಲಿಯಿಲ್ಲ. ಕುಟುಂಬ ಪಿಂಚಣಿಯೂ ಕಡಿಮೆಯಾಗುವುದಿಲ್ಲ. ಮನೆ ಸಾಲ ತೀರಿಸಲಿದ್ದರೆ ತಗೊಳ್ಳಿ. ಸುಮ್ನೆ ಉಳಿತಾಯ ಖಾತೆಯಲ್ಲಿ ಇಡೋದಕ್ಕಾದರೆ ನಷ್ಟವೇ ಅಲ್ವಾ?

ಕಡಿತ ಶುರುವಾದ ತಾರೀಕನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ 15 ವರ್ಷ ತುಂಬಿದ ಮೇಲೂ 12,080 ವಾಪಸ್ ಸೇರದಿದ್ದರೆ, ಪೆನ್ಷನ್ ಪಾವತಿ ಆದೇಶದ, ಅಂದರೆ ಪಿಪಿಒ ಪ್ರತಿಯೊಂದಿಗೆ ಬ್ಯಾಂಕಿಗೆ ಬರವಣಿಗೆಯಲ್ಲೇ ಕೇಳಿ.