ಲೋಳೆಸರದ ಹಳದಿ ನೀರು ಮೊದಲು ಇಳಿಯಲಿ

ನಮ್ಮ ಮಧುಗಿರಿ ಕಡೆ ಲೋಳೆಸರ ಇಲ್ಲದ ಮನೆ ಕಡಿಮೆ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕದಲ್ಲೊಂದು ಬುಡ, ಬಾಗಿಲ ಮೇಲೆ ದೃಷ್ಟಿಗೆ ಅಂತ ತಲೆಕೆಳಗಾಗಿ ಕಟ್ಟಿದ್ದು ಇನ್ನೊಂದು. ಬಾಗಿಲಿಗೆ ಕಟ್ಟಿದ್ದನ್ನ ಅಲ್ಲೇ ಬಿಡಿ, ಧೂಳು ಕುಡಿದು ಸೊರಗಿರೋ ಎಲೆಯಿಂದ ಏನೂ ಬರಲ್ಲ. ಹಾಗೇ ಹೊಲದ ಬದುವಿನ ಕತ್ತಾಳೆಯನ್ನೂ ಇದೇ ಅಂದುಕೊಂಡು ತರಬೇಡಿ. ಕತ್ತಾಳೆ ಎಲೆ ಒಳಗೆಲ್ಲ ನಾರು, ತುದಿಯಲ್ಲಿ ಸೂಜಿಯಂಥ ಮುಳ್ಳು, ಅದರ ರಸ ಮೈಗೆ ತಾಗಿದರೆ ಉರಿ, ತುರಿಕೆ, ಗುಳ್ಳೆ. ಲೋಳೆಸರವನ್ನ ಮುರಿದರೆ ಒಳಗೆ ಗಾಜಿನ ಹಾಗೆ ತಿಳಿಯಾದ ತಿರುಳು ಕಾಣುತ್ತೆ, ನಾರು ಇರಲ್ಲ.

ಎಲೆ ಕೊಯ್ಯುವಾಗ ಬುಡದ ಹೊರಸುತ್ತಿನದನ್ನೇ ತೆಗೀರಿ, ಅವೇ ಬಲಿತವು. ನಡುವಿನ ಎಳೆ ಎಲೆ ಕಿತ್ತರೆ ಗಿಡ ಸೊರಗುತ್ತೆ, ತಿರುಳೂ ಸಿಗಲ್ಲ. ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ಎಲೆ ಕೆಂಪಾಗಿ ತೆಳ್ಳಗಾಗಿರುತ್ತೆ. ನಾಲ್ಕು ದಿನ ನೀರು ಹಾಕಿ, ಎಲೆ ತುಂಬಿಕೊಂಡ ಮೇಲೆ ಕೊಯ್ಯಿರಿ.

ಈಗ ಮುಖ್ಯವಾದ ವಿಷಯ. ಕೊಯ್ದ ಕೂಡಲೇ ಕತ್ತರಿಸಿದ ತುದಿಯಿಂದ ಹಳದಿ ನೀರು ಒಸರುತ್ತೆ. ಅದು ತಿರುಳಿನ ರಸವಲ್ಲ. ಹಸಿರು ಸಿಪ್ಪೆಗೂ ತಿರುಳಿಗೂ ನಡುವೆ, ಸಿಪ್ಪೆಗೆ ಅಂಟಿಕೊಂಡ ಹಾಗೆ ಸಣ್ಣ ಸಣ್ಣ ನಾಳಗಳಿರುತ್ತವೆ, ಅದರೊಳಗಿನ ಹಾಲು ಇದು. ನಾಲಿಗೆಗೆ ತಾಗಿದರೆ ಬೇವೂ ಸಿಹಿ ಅನ್ನಿಸಬೇಕು, ಅಷ್ಟು ಕಹಿ. ಇದರಲ್ಲಿರೋ ಅಲೋಯಿನ್ ಅನ್ನೋ ಪದಾರ್ಥ ಬಲವಾದ ಭೇದಿ ಮದ್ದು. ಈ ಹಾಲನ್ನೇ ಕಾಯಿಸಿ ಒಣಗಿಸಿದ್ದನ್ನ ಗ್ರಂಧಿಗೆ ಅಂಗಡಿಯಲ್ಲಿ ಕರಿಬೋಳ ಅಂತ ಮಾರ್ತಾರೆ. ಒಂದೇ ಎಲೆಯಲ್ಲಿ ತಂಪಿನ ತಿರುಳೂ ಇದೆ, ಹೊಟ್ಟೆ ಕಲಕುವ ಹಾಲೂ ಇದೆ. ಅದಕ್ಕೇ ಬಿಡಿಸೋ ಕೆಲಸದಲ್ಲಿ ಅವಸರ ಮಾಡಬಾರದು.

ಕೊಯ್ದ ಎಲೆಯನ್ನ ಕತ್ತರಿಸಿದ ತುದಿ ಕೆಳಗೆ ಬರುವ ಹಾಗೆ ಒಂದು ಹಳೇ ಲೋಟದಲ್ಲಿ ಓರೆಯಾಗಿ ನಿಲ್ಲಿಸಿ, ಅರ್ಧ ಗಂಟೆ ಹಾಗೇ ಬಿಡಿ. ಲೋಟದ ತಳದಲ್ಲಿ ಹಳದಿ ನೀರು ನಿಂತು ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಒಳ್ಳೆ ಸೀರೆ ಉಟ್ಟುಕೊಂಡು ಈ ಕೆಲಸಕ್ಕೆ ಕೂರಬೇಡಿ, ಕಲೆ ಸುಲಭಕ್ಕೆ ಹೋಗಲ್ಲ. ಆಮೇಲೆ ಎಲೆ ತೊಳೆದು, ಬುಡದ ಕಡೆ ಎರಡು ಬೆರಳಗಲ ಕತ್ತರಿಸಿ ಬಿಸಾಕಿ, ಹಾಲು ಹೆಚ್ಚು ನಿಲ್ಲೋದು ಅಲ್ಲೇ. ತೆಳು ತುದಿಯನ್ನೂ, ಎರಡೂ ಅಂಚಿನ ಮುಳ್ಳನ್ನೂ ತೆಗೀರಿ. ಎಲೆಯ ಚಪ್ಪಟೆ ಮಗ್ಗುಲಿನ ಸಿಪ್ಪೆಯನ್ನ ಸ್ವಲ್ಪ ದಪ್ಪವಾಗಿಯೇ ಹೆರೆದು, ತಿರುಗಿಸಿ ಉಬ್ಬಿದ ಮಗ್ಗುಲೂ ಹಾಗೇ ಮಾಡಿ. ಇಲ್ಲೇ ಎಲ್ಲರೂ ಜಿಪುಣತನ ತೋರಿಸೋದು. ಸಿಪ್ಪೆಗೆ ಅಂಟಿದ ತಿರುಳು ಹಾಳಾಗುತ್ತಲ್ಲ ಅಂತ ಚಮಚದಲ್ಲಿ ಗೀರಿ ಗೀರಿ ತೆಗೀತಾರೆ. ಹಾಲಿನ ನಾಳ ಇರೋದೇ ಆ ಪದರದಲ್ಲಿ. ಗೀರಿದಷ್ಟೂ ಕಹಿ ಬರುತ್ತೆ. ಆ ಸಿಪ್ಪೆಯನ್ನ ಹಿಮ್ಮಡಿಗೆ ಉಜ್ಜಿಕೊಳ್ಳಿ, ಬಟ್ಟಲಿಗೆ ಹಾಕಬೇಡಿ.

ಉಳಿದ ತಿಳಿ ಗಟ್ಟಿಯನ್ನ ನೀರಲ್ಲಿ ತೊಳೆದು, ಹತ್ತು ನಿಮಿಷ ನೆನೆಸಿ ಆ ನೀರು ಚೆಲ್ಲಿ, ಇನ್ನೊಂದು ಸಲ ಹಾಗೇ ಮಾಡಿ. ಕೊನೆಗೆ ಒಂದು ಚೂರನ್ನ ನಾಲಿಗೆ ತುದಿಗೆ ಮುಟ್ಟಿಸಿ ನೋಡಿ. ಸಪ್ಪೆಯಾಗಿ, ಸ್ವಲ್ಪ ಸೌತೆಕಾಯಿ ನೀರಿನ ಹಾಗಿದ್ದರೆ ಸರಿ. ಕಹಿ ಇದ್ದರೆ ಹಾಲು ಉಳಿದಿದೆ ಅಂತಲೇ ಅರ್ಥ, ಮತ್ತೆ ತೊಳೀರಿ. ತಿರುಳಲ್ಲಿ ಹಳದಿ ಗೆರೆ ಕಂಡರೆ ಆ ಭಾಗ ಕೊಯ್ದು ತೆಗೀರಿ. ಮಿಕ್ಸಿಯಲ್ಲಿ ಒಂದು ಸುತ್ತು ಹಾಕಿದರೆ ನೊರೆ ಬರುತ್ತೆ, ನೊರೆ ಇಳಿದ ಮೇಲೆ ಸೋಸಿ ಗಾಜಿನ ಶೀಶೆಗೆ ತುಂಬಿ ಫ್ರಿಜ್‌ನಲ್ಲಿಡಿ. ಅದರಲ್ಲಿ ಬಹುಪಾಲು ಬರೀ ನೀರೇ, ಹಾಗಾಗಿ ಬೇಗ ಕೆಡುತ್ತೆ. ಒಂದು ವಾರದೊಳಗೆ ಮುಗಿಸಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಗಾಳಿ ತಾಗಿದೆ ಅಂತ, ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೆ ಚೆಲ್ಲಿ.

ಮೈಗೆ ಹಚ್ಚೋಕೆ ಇದಕ್ಕಿಂತ ಸುಲಭದ್ದು ಇಲ್ಲ. ಆದರೂ ಮೊದಲ ಸಲ ಮೊಣಕೈ ಮಡಿಕೆಗೆ ಹಚ್ಚಿ ಒಂದು ದಿನ ನೋಡಿ, ಕೆಲವರ ಚರ್ಮಕ್ಕೆ ಆಗಿಬರಲ್ಲ. ಸರಿಯಾಗಿ ಹಾಲು ಇಳಿಸದೆ ಹಚ್ಚಿ ತುರಿಸಿಕೊಂಡವರೇ ಹೆಚ್ಚು. ಒಗ್ಗರಣೆ ಎಣ್ಣೆ ಸಿಡಿದರೆ ಮೊದಲು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ, ಆಮೇಲೆ ಲೋಳೆಸರ. ಬೊಬ್ಬೆ ಒಡೆದಿದ್ದರೆ, ಆಳಕ್ಕೆ ಸುಟ್ಟಿದ್ದರೆ, ಹೊಲಿಗೆ ಹಾಕೋವಷ್ಟು ಗಾಯವಾಗಿದ್ದರೆ ಮನೆಯಲ್ಲಿ ಮಾಡಿದ್ದನ್ನ ಹಚ್ಚಬೇಡಿ, ಅದು ಕ್ರಿಮಿ ಇಲ್ಲದ ಔಷಧವಲ್ಲ.

ಕುಡಿಯೋ ವಿಷಯಕ್ಕೆ ಬಂದರೆ ನನ್ನ ಮಾತು ಬೇರೆ. ನಮ್ಮ ಬೀದಿಯ ಒಬ್ಬರು, ವಯಸ್ಸಾದವರು, ಮಲಬದ್ಧತೆಗೆ ಒಳ್ಳೇದು ಅಂತ ಮೊಬೈಲಲ್ಲಿ ನೋಡಿ ಎಲೆಯನ್ನ ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ, ನಿಂಬೆರಸ, ಜೇನುತುಪ್ಪ ಬೆರೆಸಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದರು. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಸಂಜೆ ಹೊಟ್ಟೆ ಹಿಂಡೋಕೆ ಶುರುವಾಗಿ ರಾತ್ರಿಯೆಲ್ಲ ಭೇದಿ. ಮನೆಯವರು ಬೈದಿದ್ದು ಮಧ್ಯಾಹ್ನದ ಹುಳಿಸಾರನ್ನ! ಅಲೋಯಿನ್ ಹೊಟ್ಟೆಯಲ್ಲಿ ಸುಮ್ಮನಿದ್ದು ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನ ಒಡೆದ ಮೇಲೇ ಅದರ ಕೆಲಸ ಶುರು. ಅದಕ್ಕೆ ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತೆ. ಹೀಗಾಗಿ ಬೆಳಿಗ್ಗೆ ಕುಡಿದದ್ದರ ತಪ್ಪು ಸಂಜೆ ಇನ್ಯಾವುದರ ಮೇಲೋ ಹೋಗುತ್ತೆ, ಮಾರನೇ ದಿನ ಮತ್ತೆ ಕುಡೀತಾರೆ. ಇವರೂ ಕುಡಿದರು.

ಅವರು ಬಿಪಿಗೆ ತೆಗೆದುಕೊಳ್ಳುತ್ತಿದ್ದದ್ದು ಮೂತ್ರ ಹೆಚ್ಚು ಮಾಡಿಸುವ ಮಾತ್ರೆ. ಅಂಥ ಮಾತ್ರೆಗಳಲ್ಲಿ ಎಷ್ಟೋ ದೇಹದ ಪೊಟ್ಯಾಸಿಯಂ ಕಳೆಯುತ್ತವೆ, ಭೇದಿಯಿಂದಲೂ ಅದೇ ಹೋಗುತ್ತೆ. ಎರಡೂ ಸೇರಿ ಮೀನಖಂಡ ಸೆಳೆತ, ಎದ್ದು ನಿಂತರೆ ಕಣ್ಣು ಕತ್ತಲೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುಡಿದದ್ದು ಏನು ಅಂತ ಕೇಳಿದಾಗಲೇ ಲೋಳೆಸರದ ಮಾತು ಹೊರಗೆ ಬಂದದ್ದು. ಪೊಟ್ಯಾಸಿಯಂ ಕಡಿಮೆಯಾದರೆ ಎದೆಬಡಿತವೇ ತಪ್ಪಬಹುದು, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ಅಮೆರಿಕದಲ್ಲಿ 2002ರಲ್ಲೇ ಈ ಹಾಲಿನ ಭೇದಿ ಮದ್ದನ್ನ ಚೀಟಿ ಇಲ್ಲದೆ ಮಾರೋದನ್ನ ನಿಲ್ಲಿಸಿದರು.

ಅಂಗಡಿಯ ಬಾಟಲಿ ರಸ ಕುಡಿದರೆ ಏನೂ ಆಗಲ್ವಲ್ಲ ಅಂತ ಕೇಳ್ತಾರೆ. ಒಳ್ಳೆ ತಯಾರಕರು ಅದನ್ನ ಇದ್ದಿಲ ಪುಡಿಯಲ್ಲಿ ಸೋಸಿ ಅಲೋಯಿನ್ ತೆಗೆದಿರ್ತಾರೆ. ನಮ್ಮ ಮಿಕ್ಸಿ, ಜರಡಿಗೆ ಅದು ಆಗದ ಕೆಲಸ. ಕುಡಿಯಲೇಬೇಕು ಅನ್ನೋರು ತೊಳೆದು ರುಚಿ ನೋಡಿದ ತಿರುಳನ್ನ ಒಂದೆರಡು ಚಮಚ ಮಜ್ಜಿಗೆಗೆ ಹಾಕಿಕೊಳ್ಳಲಿ, ದಿನಾ ಅಭ್ಯಾಸ ಮಾಡಿಕೊಳ್ಳದೆ. ಬಸುರಿ, ಬಾಣಂತಿ, ಮಕ್ಕಳು, ಮೂತ್ರಪಿಂಡದ ತೊಂದರೆ ಇರೋರು ಅದನ್ನೂ ಬಿಡಬೇಕು. ಸಕ್ಕರೆ ಕಾಯಿಲೆ ಮಾತ್ರೆ ನುಂಗೋರು ಡಾಕ್ಟರನ್ನ ಕೇಳದೆ ಶುರು ಮಾಡಬಾರದು, ಇದೂ ಸಕ್ಕರೆ ಇಳಿಸಬಹುದು. ಮಲಬದ್ಧತೆಗೇ ಆದರೆ ರಾತ್ರಿ ನೆನೆಸಿದ ಒಣದ್ರಾಕ್ಷಿ, ಊಟದಲ್ಲಿ ಸೊಪ್ಪು, ರಾಗಿ ಮುದ್ದೆ, ದಿನಕ್ಕೆ ಸಾಕಷ್ಟು ನೀರು ಮೊದಲು ಮಾಡಿ ನೋಡಿ.