ಅಷ್ಟೂರಿನ ಕನ್ನಡಿ: ಪಟ್ಟಿ ಬಿಟ್ಟು ಪ್ರವಾಸ ಲೇಖನ ಬರೆದದ್ದು

ಬೀದರ್ ಬಗ್ಗೆ ಬರೆದುಕೊಡಿ ಅಂತ ಯಾರಾದರೂ ಕೇಳಿದರೆ ಕೈ ತಾನಾಗಿಯೇ ಓಡುತ್ತದೆ. ಕೋಟೆ, ರಂಗೀನ್ ಮಹಲ್, ಸೋಲಾ ಖಂಬ ಮಸೀದಿ, ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ, ನರಸಿಂಹ ಝರಣಿ, ಕೊನೆಗೆ ಬಿದರಿ ಕಲೆ. ಒಂದೊಂದಕ್ಕೆ ನಾಲ್ಕು ಸಾಲು. 'ಕಣ್ಮನ ಸೆಳೆಯುತ್ತದೆ', 'ಗತವೈಭವ ಸಾರುತ್ತದೆ', 'ಪ್ರವಾಸಿಗರನ್ನು ಕೈಬೀಸಿ ಕರೆಯುತ್ತದೆ'. ಪುರವಣಿಗಳಿಗೆ ಬರೆಯುವ ನಮ್ಮಂಥವರಿಗೆ ಇದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಓದುವವರೂ ಹಾಗೆಯೇ ಓದುತ್ತಾರೆ.

ಪಟ್ಟಿಯ ಮೇಲೆ ನನಗೆ ದ್ವೇಷವಿಲ್ಲ. ಯಾವ ಬಸ್ಸು, ಎಷ್ಟು ದೂರ, ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ಎನ್ನುವುದು ಹೊರಟು ನಿಂತವರಿಗೆ ಬೇಕೇ ಬೇಕು. ಹಾಗಾಗಿ ನಾನು ಯಾವಾಗಲೂ ಮೊದಲು ಪಟ್ಟಿಯನ್ನೇ ಬರೆದು ಮುಗಿಸುತ್ತೇನೆ. ಒಂದು, ಅದು ತಲೆಯಿಂದ ಇಳಿದು ಹೋಗುತ್ತದೆ. ಇನ್ನೊಂದು, ಅದರ ಒಂದೊಂದೇ ವಾಕ್ಯವನ್ನು ಹಿಡಿದುಕೊಂಡು ಜಾಗಕ್ಕೆ ಹೋಗಿ ನಿಂತರೆ ಯಾವುದು ಸುಳ್ಳು ಅಂತ ಗೊತ್ತಾಗುತ್ತದೆ.

ಹೌದು, ಸುಳ್ಳು. ಇಂಥ ಲೇಖನಗಳು ಸಪ್ಪೆ ಎನಿಸಲು ವಿಶೇಷಣ ಜಾಸ್ತಿಯಾದದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ತೊಂದರೆ ಅದಕ್ಕಿಂತ ಒಳಗಿದೆ. ಆ ವಾಕ್ಯಗಳನ್ನು ಯಾರೂ ಅಲ್ಲಿ ನಿಂತು ಬರೆದಿರುವುದಿಲ್ಲ. ಫಲಕ ನೋಡಿ ಒಬ್ಬರು ಬರೆದರು, ಅವರನ್ನು ನೋಡಿ ಇನ್ನೊಬ್ಬರು ಬರೆದರು. ನಡುವೆ ಎಲ್ಲೋ ಆ ಜಾಗ ನಿಜಕ್ಕೂ ಹೇಗೆ ಕಾಣುತ್ತದೆ ಎನ್ನುವುದು ಸೋರಿಹೋಯಿತು.

ನನ್ನ ಪಟ್ಟಿಯಲ್ಲಿದ್ದ ಅಷ್ಟೂರಿನ ಸಾಲು ಇದು: "ಬೀದರಿನಿಂದ ಸುಮಾರು 3 ಕಿ.ಮೀ. ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳಿವೆ. ಅಹ್ಮದ್ ಶಾ ವಲಿಯ ಗುಮ್ಮಟದ ಒಳಛಾವಣಿಯ ಚಿತ್ತಾರ ನೋಡುಗರ ಕಣ್ಮನ ಸೆಳೆಯುತ್ತದೆ." ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ಬಿಸಿಲಿನಿಂದ ಆ ಗುಮ್ಮಟದ ಒಳಗೆ ಕಾಲಿಟ್ಟವರ ಕಣ್ಣನ್ನು ಯಾವ ಚಿತ್ತಾರವೂ ಸೆಳೆಯುವುದಿಲ್ಲ. ಕಾರಣ ಇಷ್ಟೇ: ಒಳಗೆ ಏನೂ ಕಾಣುವುದಿಲ್ಲ. ಗೋಡೆ ಭಾರೀ ದಪ್ಪ, ಬೆಳಕು ಬರಬೇಕಾದರೆ ಬಾಗಿಲಿಂದಲೇ ಬರಬೇಕು, ಬಂದದ್ದೂ ನೆಲದ ಮೇಲೆಯೇ ಉಳಿಯುತ್ತದೆ. ತಲೆಯ ಮೇಲೆ ಇರುವುದು ಬರೀ ಕತ್ತಲೆ, ಮೂಗಿಗೆ ಬಾವಲಿಯ ವಾಸನೆ. ನನ್ನ ಹಿಂದೆ ಬಂದ ಒಂದು ಕುಟುಂಬ ಸಮಾಧಿಗೆ ಕೈಮುಗಿದು, ಮೇಲೊಮ್ಮೆ ನೋಡಿ, ಮೊಬೈಲ್ ಎತ್ತಿ ಒಂದು ಕಪ್ಪು ಫೋಟೋ ತೆಗೆದುಕೊಂಡು ಹೊರಗೆ ಹೋಯಿತು.

ನಾನೂ ಹೊರಡುವವನಿದ್ದೆ. ನೋಡಿಕೊಳ್ಳುವ ಮುದುಕರು ಬಾಗಿಲ ಹತ್ತಿರ ತಡೆದರು.

"ಯಾಕ್ ಅವಸರ ಮಾಡ್ತೀರಿ? ಕಣ್ಣಿಗಿ ಕತ್ತಲಿ ಹೊಂದಲಿ. ಅಲ್ಲೇ ನಿಂದರ್ರಿ."

ಮೂಲೆಯಿಂದ ಒಂದು ಕನ್ನಡಿ ತಂದರು. ಕ್ಷೌರದಂಗಡಿಯಲ್ಲಿ ಇರುವಂಥದ್ದು, ಕಟ್ಟಿಗೆಯ ಚೌಕಟ್ಟು, ಒಂದು ಮೂಲೆ ಒಡೆದಿತ್ತು. ಹೊರಗೆ ಬಿಸಿಲಲ್ಲಿ ನಿಂತು ಅದನ್ನು ಎದೆಗೆ ಆನಿಸಿಕೊಂಡು ಓರೆ ಮಾಡಿದರು. ಬಿಸಿಲು ಬಾಗಿಲ ಮೂಲಕ ಒಳಗೆ ಹಾರಿ, ಗೋಡೆ ಹತ್ತಿ, ಮೇಲೆ ಹೋಗಿ ನಿಂತಿತು.

"ಮ್ಯಾಲ ನೋಡ್ರಿ ಸಾಹೇಬ್ರ. ನನ್ನ ಕಡಿ ಏನ್ ನೋಡ್ತೀರಿ?"

ಮೊರದಷ್ಟು ಅಗಲದ ಬೆಳಕು. ಅದರೊಳಗೆ ಕಡು ನೀಲಿ, ಅದರ ಮೇಲೆ ಬಂಗಾರದ ಅಕ್ಷರಗಳು. ಮುದುಕರು ಮಣಿಕಟ್ಟು ಅಲುಗಿಸಿದ ಹಾಗೆ ನೀಲಿ ಹೋಗಿ ಕೆಂಪು ಬಂತು, ಅಕ್ಷರ ಹೋಗಿ ಬಳ್ಳಿ ಬಂತು. ಮುಂದಿನದು ಕಾಣುವಷ್ಟರಲ್ಲಿ ಹಿಂದಿನದು ಕತ್ತಲೆಗೆ ಜಾರುತ್ತಿತ್ತು. ಪೂರ್ತಿ ಛಾವಣಿಯನ್ನು ಒಮ್ಮೆಗೇ ನೋಡುವ ದಾರಿಯೇ ಇರಲಿಲ್ಲ. ಅವರು ತೋರಿಸಿದಷ್ಟು, ಅವರು ತೋರಿಸಿದ ಕ್ರಮದಲ್ಲಿ. ಅರ್ಧಕ್ಕೆ ಬೆಳಕು ಸತ್ತುಹೋಯಿತು.

"ಮೋಡ ಬಂತ್ರಿ. ಕುಂದರ್ರಿ ಈಗ."

ಕುಂತೆವು. ಮೋಡ ಸರಿಯುವವರೆಗೆ ಅವರು ತಮ್ಮ ಮೊಣಕಾಲು ನೋವಿನ ಬಗ್ಗೆಯೂ ಉರುಸಿನ ಗದ್ದಲದ ಬಗ್ಗೆಯೂ ಹೇಳಿದರು.

ಆಮೇಲೆ ಬಂದು ಬರೆದದ್ದರ ಮೊದಲ ಪ್ಯಾರಾ ಹೀಗಿತ್ತು: "ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಛಾವಣಿ ನೋಡಬೇಕಾದರೆ ಬಿಸಿಲಿರಬೇಕು, ಒಂದು ಕನ್ನಡಿ ಇರಬೇಕು, ಅದನ್ನು ಹಿಡಿಯಲು ಒಬ್ಬ ಮನುಷ್ಯ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮೇಲೆ ಇರುವುದು ಕತ್ತಲೆ." ಸುಂದರ, ಅದ್ಭುತ, ಮನೋಹರ ಯಾವುದೂ ಬೇಕಾಗಲಿಲ್ಲ. ಓದುವವರಿಗೆ ಒಂದು ಉಪಯೋಗದ ಮಾಹಿತಿಯೂ ಸಿಕ್ಕಿತು: ಮೋಡದ ದಿನ ಹೋಗಬೇಡಿ.

ನಿಜವಾದ ಲಾಭ ಮಾತ್ರ ಆಮೇಲೆ ಶುರುವಾಯಿತು. ಪಟ್ಟಿಯ ಲೇಖನದಲ್ಲಿ ಇಸವಿಗಳು ಕಂಬದ ಹಾಗೆ ನಿಂತಿರುತ್ತವೆ, ಯಾಕೆ ಬಂದವು ಅಂತ ಅವಕ್ಕೇ ಗೊತ್ತಿರುವುದಿಲ್ಲ. ಕನ್ನಡಿಯ ಬೆಳಕು ನೋಡಿದ ಮೇಲೆ ಮಾತ್ರ ನನಗೇ ಪ್ರಶ್ನೆಗಳು ಹುಟ್ಟಿದವು. ಯಾರ ಹೆಸರು ಅಲ್ಲಿ ಬರೆದಿದ್ದು? ಯಾರಿಗೂ ಕಾಣದ ಎತ್ತರದಲ್ಲಿ ಅಷ್ಟು ಬಂಗಾರದ ಬಣ್ಣ ಯಾಕೆ? ಮನೆಗೆ ಬಂದು ಯಜ್ದಾನಿಯವರು ಬೀದರಿನ ಸ್ಮಾರಕಗಳ ಮೇಲೆ ಬರೆದು 1947ರಲ್ಲಿ ಪ್ರಕಟವಾದ ದಪ್ಪ ಪುಸ್ತಕ ತೆಗೆದೆ. ಆ ಛಾವಣಿಯಲ್ಲಿ ಬರೆದಿರುವುದರಲ್ಲಿ ಸೂಫಿ ಗುರುಪರಂಪರೆಯೂ ಇದೆ. ಇರಾನಿನ ಕಿರ್ಮಾನ್ ಕಡೆಯ ಶಾ ನಿಅಮತುಲ್ಲಾ ಅವರನ್ನು ಅಹ್ಮದ್ ಶಾ ಗುರುವೆಂದು ಒಪ್ಪಿಕೊಂಡು ಬೀದರಿಗೆ ಕರೆದಿದ್ದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಬಂದು ಇಲ್ಲಿಯೇ ನೆಲೆಸಿದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಸಿಗುವ ಎಂಟು ಮೂಲೆಯ ಚೌಖಂಡಿ ಅವರದೇ ಗೋರಿ. ಅಂದರೆ ಆ ದೊರೆ ತನ್ನ ತಲೆಯ ಮೇಲೆ ಗುರುವಿನ ವಂಶಾವಳಿ ಬರೆಸಿಕೊಂಡು ಮಲಗಿದ್ದಾನೆ. ನೋಡುವವರ ಕಣ್ಣು ಸೆಳೆಯುವುದು ಅದರ ಉದ್ದೇಶವೇ ಇರಲಿಲ್ಲವೇನೋ ಅಂತ ನನ್ನ ಊಹೆ. ಲೇಖನದಲ್ಲೂ ಅದನ್ನು ಊಹೆ ಅಂತಲೇ ಬರೆದೆ.

ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ದೊರೆ ಇವನೇ ಎನ್ನುವುದು, 1422ರಿಂದ 1436ರವರೆಗೆ ಆಳಿದ ಎನ್ನುವುದು ಈಗ ಒಂದೇ ಸಾಲಿನಲ್ಲಿ ಸಲೀಸಾಗಿ ಕೂತವು. ಅಷ್ಟು ಹೊತ್ತಿಗೆ ಓದುಗರಿಗೆ ಆ ಮನುಷ್ಯನ ಮೇಲೆ ಆಸಕ್ತಿ ಹುಟ್ಟಿರುತ್ತದಲ್ಲ. ಅವನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವ ಭಕ್ತರಿದ್ದಾರೆ ಎನ್ನುವ ಸಂಗತಿಯೂ ಹಾಗೆಯೇ. ಪಟ್ಟಿಯಲ್ಲಿ ಅದು 'ಭಾವೈಕ್ಯತೆಯ ಪ್ರತೀಕ' ಆಗುತ್ತಿತ್ತು. ನನ್ನ ಬರಹದಲ್ಲಿ ಅದು ಉರುಸಿನ ಗದ್ದಲದ ಬಗ್ಗೆ ಮುದುಕರು ಆಡಿದ ಮಾತಿನ ಪಕ್ಕದಲ್ಲಿ ಬಂತು.

ಅಷ್ಟೂರಿನ ಅದೇ ಗುಮ್ಮಟಗಳ ಸಾಲಿನಲ್ಲಿ ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನ್ ಶಾನ ಗುಮ್ಮಟವಿದೆ. ಮೂರೇ ವರ್ಷ, 1461ರವರೆಗೆ ಆಳಿ 'ಜಾಲಿಮ್', ಅಂದರೆ ಕ್ರೂರಿ ಎಂಬ ಹೆಸರು ಹೊತ್ತವನು. ಅವನ ಗುಮ್ಮಟಕ್ಕೆ ಸಿಡಿಲು ಹೊಡೆದು ಅರ್ಧ ಕುಸಿದಿದೆ ಅನ್ನುತ್ತಾರೆ. ಈಗ ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗುತ್ತಾ ಹೋಗುತ್ತದೆ ಎನ್ನುವುದು ಸೀಳಿಟ್ಟ ಹಾಗೆ ಕಾಣುತ್ತದೆ, ಒಳಗೆಲ್ಲ ಬಿಸಿಲು. ಸಂತನಂಥ ದೊರೆಗೆ ಕತ್ತಲೆಯಲ್ಲಿ ಬಂಗಾರ, ಕ್ರೂರಿಗೆ ಸಿಡಿಲು ಅಂತ ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಊರಿನವರು ಹೇಳುವುದೂ ಅದನ್ನೇ. ನಾನು ಆ ಕಥೆಯನ್ನು ಊರಿನವರ ಬಾಯಲ್ಲೇ ಇಟ್ಟೆ. ಒಡೆದ ಗುಮ್ಮಟ ನನಗೆ ಬೇಕಾಗಿದ್ದದ್ದು ಇನ್ನೊಂದಕ್ಕೆ: ಅಹ್ಮದ್ ಶಾನ ಗುಮ್ಮಟದೊಳಗೆ ಯಾಕಷ್ಟು ಕತ್ತಲೆ ಎನ್ನುವುದಕ್ಕೆ ಈ ಗೋಡೆಯ ದಪ್ಪವೇ ಉತ್ತರ.

ಜಾಗದಲ್ಲಿ ನಿಂತಾಗ ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳುವುದು ಆಮೇಲೆ ಎಲ್ಲೂ ಸಿಗದ್ದನ್ನು ಮಾತ್ರ. ಇಸವಿ ಬರೆದುಕೊಳ್ಳುವುದಿಲ್ಲ, ಅದು ಪುಸ್ತಕದಲ್ಲಿ ಇರುತ್ತದೆ. ಮೊದಲು ನೀಲಿ ಕಂಡಿತೋ ಕೆಂಪೋ, ಕನ್ನಡಿಯ ಯಾವ ಮೂಲೆ ಒಡೆದಿತ್ತು, ಮುದುಕರು 'ಕುಳಿತುಕೊಳ್ಳಿ' ಅಂದರೋ 'ಕುಂದರ್ರಿ' ಅಂದರೋ, ಇವು ಬಸ್ಸು ಹತ್ತುವಷ್ಟರಲ್ಲಿ ಕಲಸಿಹೋಗುತ್ತವೆ. ಮಾತನ್ನು ಅವರಾಡಿದ ಹಾಗೆಯೇ ಬರೆದುಕೊಳ್ಳುತ್ತೇನೆ. ಪುರವಣಿಯಲ್ಲಿ ಒಮ್ಮೊಮ್ಮೆ ಅದನ್ನು ತಿದ್ದಿ ಪುಸ್ತಕದ ಕನ್ನಡ ಮಾಡುತ್ತಾರೆ, ಆಗ ಬೀದರಿನ ಮುದುಕರು ಆಕಾಶವಾಣಿಯ ಹಾಗೆ ಮಾತಾಡತೊಡಗುತ್ತಾರೆ. ಹಾಗೆ ಮಾಡಬೇಡಿ ಅಂತ ಈಗ ಮೇಲೆಯೇ ಒಂದು ಸಾಲು ಬರೆದು ಕಳಿಸುತ್ತೇನೆ. ಮುದುಕರಿಗೆ ಬರೆಯುವ ವಿಷಯ ಹೇಳಿ ಕೇಳಿದ್ದೆ. "ಕನ್ನಡಿ ಬಗ್ಗಿ ಬರೀರಿ, ನನ್ನ ಹೆಸರು ಯಾಕ್ ಬೇಕ್ರಿ" ಅಂದಿದ್ದರು. ಹಾಗೇ ಮಾಡಿದೆ.

ಕಂಡ ಗಳಿಗೆಗಳೆಲ್ಲ ಕೆಲಸಕ್ಕೆ ಬರುವುದಿಲ್ಲ. ಅದೇ ಪ್ರವಾಸದಲ್ಲಿ ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಜೊತೆಗಿದ್ದ ಗೆಳೆಯನ ಲುಂಗಿ ಕಳಚಿ ಸಾಲಿನಲ್ಲಿದ್ದವರೆಲ್ಲ ನಕ್ಕರು. ಗೆಳೆಯರ ನಡುವೆ ಈಗಲೂ ಅದೇ ಮಾತು. ಲೇಖನಕ್ಕೆ ಅದನ್ನು ಹಾಕಲಿಲ್ಲ. ಲುಂಗಿ ಯಾವ ಹೊಳೆಯಲ್ಲಾದರೂ ಕಳಚೀತು, ಆ ಗುಹೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮದರಸಾದ ಎದುರು ಕುಡಿದ ಚಹಾದ ಪ್ಯಾರಾವನ್ನೂ ಹೊಡೆದುಹಾಕಿದೆ. ಚಹಾ ಚೆನ್ನಾಗಿತ್ತು, ಅಷ್ಟೇ. ನಾನು ನೋಡಿಕೊಳ್ಳುವುದು ಒಂದನ್ನೇ: ಆ ಗಳಿಗೆಯಿಂದ ಜಾಗದ ಬಗ್ಗೆ ಒಂದು ಪ್ರಶ್ನೆ ಹುಟ್ಟುತ್ತದೆಯೋ ಇಲ್ಲವೋ. ಕನ್ನಡಿಯಿಂದ ಗೋಡೆ, ಬಣ್ಣ, ಗುರು, ದೊರೆ ಎಲ್ಲದರ ಪ್ರಶ್ನೆಯೂ ಬಂತು. ಚಹಾದಿಂದ ಇನ್ನೊಂದು ಚಹಾ ಬಂತು.

ಗಳಿಗೆಯೇ ಸಿಗದ ಜಾಗಗಳೂ ಇವೆ. ಆ ಸಲ ರಂಗೀನ್ ಮಹಲಿನ ಬಾಗಿಲಿಗೆ ಬೀಗ ಹಾಕಿತ್ತು, ಬೀಗದ ಕೈ ಇದ್ದವರು ಸಿಗಲಿಲ್ಲ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಒಳಗಿದೆ ಎನ್ನುವುದು ಗೊತ್ತು, ಆದರೆ ಅದರ ಮುಂದೆ ನಿಂತು ನೋಡಿದವನ ಹಾಗೆ ಬರೆಯಲು ಆಗುವುದಿಲ್ಲ. ಅದನ್ನು ಪಕ್ಕದ ಚೌಕಟ್ಟಿಗೆ ಹಾಕಿದೆ. ಕೋಟೆ, ಮದರಸಾ, ಝರಣಿ, ನಾನಕ್ ಝೀರಾ ಎಲ್ಲವೂ ಅಲ್ಲಿಯೇ, ದೂರ ಮತ್ತು ದಾರಿಯ ಜೊತೆ, ಒಂದೂ ವಿಶೇಷಣವಿಲ್ಲದೆ. ರಂಗೀನ್ ಮಹಲಿನ ಎದುರು ಬರೆದದ್ದು ಇಷ್ಟು: ಬೀಗ ಇರಬಹುದು, ಕೋಟೆಯ ಒಳಗಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿ.