ಉಡುಪಿಯ ಮಳೆಗಾಲದಲ್ಲಿ ಸುರುಳಿಯಾಗದ ರಾವಣ

ಘಟ್ಟದ ಕೆಳಗೆ ತೊಗಲುಗೊಂಬೆ ನಿಲ್ಲುವುದಿಲ್ಲವೆಂದು ನನಗೆ ಮೊದಲು ಹೇಳಿದವರು ಬಳ್ಳಾರಿಯ ಕಡೆಯ ನನ್ನ ಗುರುಗಳು. ಉಳಿ ಹಿಡಿಯುವುದನ್ನು ಕಲಿಸಿದ ಅವರೇ, ಆಟಿ ತಿಂಗಳ ಗಾಳಿಗೆ ಹಸಿ ತೊಗಲು ಒದ್ದೆ ಹಪ್ಪಳದಂತೆ ಬಾಗುತ್ತದೆ, ನೀವು ಮರದ ಗೊಂಬೆಯನ್ನೇ ಮಾಡಿಕೊಳ್ಳಿ ಎಂದರು. ಉಪ್ಪಿನಕುದ್ರುವಿನಲ್ಲಿ ಸೂತ್ರದ ಗೊಂಬೆಗಳಿರುವಾಗ ನಿಮಗೇಕೆ ಈ ಚರ್ಮದ ಸಹವಾಸ ಎಂದು ನನ್ನ ಭಾವನವರೂ ಕೇಳಿದ್ದರು. ಎರಡು ವರ್ಷಗಳ ಕಾಲ ಇಬ್ಬರ ಮಾತೂ ನಿಜವಾಗಿಯೇ ಇತ್ತು. ಈಗ ನಾನು ಮಾಡಿದ ಮೂರು ಅಡಿಯ ದಶಕಂಠ ರಾವಣ ಮೂರು ಮಳೆಗಾಲಗಳನ್ನು ಕಳೆದು ಚೌಕಟ್ಟಿನಲ್ಲಿ ನೆಟ್ಟಗೆ ನಿಂತಿರುವುದರಿಂದ, ಅದನ್ನು ಮಾಡಿದ ಬಗೆಯನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ತಪ್ಪು ನಡೆದದ್ದು ಸುಣ್ಣದಲ್ಲಿ. ಆಡಿನ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವುದು, ಒಳಬದಿಯ ಮಾಂಸವನ್ನು ಮೊಂಡು ಕತ್ತಿಯಿಂದ ಹೆರೆಯುವುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿದೆ. ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಕೂದಲು ಕಿತ್ತು ಬರಬೇಕು. ನಮ್ಮ ಸೆಕೆಯಲ್ಲಿ ಅದಕ್ಕೆ ನಾಲ್ಕು ದಿನ ಸಾಕು. ನಾನು ಎಡವಿದ್ದು ಅದರ ನಂತರ. ಮೂರು ಬಾರಿ ನೀರು ಬದಲಿಸಿ ಸುಣ್ಣ ಹೋಯಿತೆಂದುಕೊಂಡೆ. ಒಣಗಿದ ತೊಗಲಿಗೆ ಬಣ್ಣ ಹಚ್ಚಿದಾಗ ಅದು ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿತು. ರೇಷ್ಮೆಗೆ ಹಾಕುವ ಬಣ್ಣವೇ ತೊಗಲಿಗೂ ಚೆನ್ನಾಗಿ ಕೂರುತ್ತದೆಯಾದರೂ, ಅದು ಕಚ್ಚಿಕೊಳ್ಳಲು ನೀರಿನಲ್ಲಿ ಸ್ವಲ್ಪ ಹುಳಿ ಇರಬೇಕು. ಸುಣ್ಣ ಉಳಿದಿದ್ದರೆ ಅದು ಆ ಹುಳಿಯನ್ನು ನುಂಗಿಬಿಡುತ್ತದೆ. ಇದು ಹೊಳೆದದ್ದು ಮನೆಯ ಒಂದು ಸಮಾರಂಭದಲ್ಲಿ. ಆರತಿಯ ಹರಿವಾಣಕ್ಕೆ ಅತ್ತೆಯವರು ಅರಸಿನದ ನೀರಿಗೆ ಸುಣ್ಣ ಹಾಕಿ ಕುರುದಿ ನೀರು ಮಾಡುತ್ತಿದ್ದರು. ಹಳದಿ ಕಣ್ಣೆದುರೇ ಕೆಂಪಾಯಿತು. ಅಂದಿನಿಂದ ತೊಳೆದ ತೊಗಲಿನ ಒಂದು ಮೂಲೆಗೆ ಅರಸಿನದ ನೀರಿನ ಒಂದು ಹನಿ ಬಿಡುತ್ತೇನೆ. ಅದು ಹಳದಿಯಾಗಿಯೇ ಉಳಿಯುವವರೆಗೆ ನೀರು ಬದಲಿಸುತ್ತೇನೆ. ಕೆಲವೊಮ್ಮೆ ಒಂಬತ್ತು ಹತ್ತು ಬಾರಿ ಬದಲಿಸಬೇಕಾಗುತ್ತದೆ. ಇದೇ ಅರಸಿನವನ್ನು ಬಣ್ಣವಾಗಿಯೂ ಬಳಸಿ ನೋಡಿದೆ. ಕಿಟಕಿಯ ಬೆಳಕಿಗೆ ಅದು ಎರಡೇ ತಿಂಗಳಲ್ಲಿ ಮಾಸಿ ಹೋಯಿತು.

ಕೊಬ್ಬಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೆರೆಯುವಾಗ ಉಳಿದ ಕೊಬ್ಬು ಒಣಗಿದ ಮೇಲೆ ಕಾಣುವುದಿಲ್ಲ, ಆದರೆ ಬಣ್ಣದ ನೀರು ಅಲ್ಲಿಗೆ ಬಂದಾಗ ಕೆಸುವಿನ ಎಲೆಯ ಮೇಲಿನ ಹನಿಯಂತೆ ಹೊರಳುತ್ತದೆ. ಅಂಟುವಾಳದ ನೊರೆಯಲ್ಲಿ ಎರಡು ಬಾರಿ ತೊಳೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ತೊಗಲು ಇನ್ನೂ ಪಾರದರ್ಶಕವಾಗಲೆಂದು ನಮ್ಮೂರಿನ ಬುದ್ಧಿಯಂತೆ ತೆಂಗಿನೆಣ್ಣೆ ಸವರಿದ ಪ್ರಯೋಗವೂ ಒಂದಿದೆ. ಮೊದಲ ವಾರ ಅದು ಗಾಜಿನಂತಿತ್ತು. ಆಮೇಲೆ ಕಮಟು ವಾಸನೆ ಬಂತು, ಧೂಳು ಅಂಟಿತು, ಕೊನೆಗೆ ಜಿರಳೆಗಳು ಸೀತೆಯ ಸೆರಗನ್ನು ತಿಂದವು.

ಬಣ್ಣದ ಬಗ್ಗೆ ನನ್ನ ದೊಡ್ಡ ನಷ್ಟ ಬೇರೆಯದೇ. ಚಿತ್ರಕಲೆ ಕಲಿತವನೆಂಬ ಗರ್ವದಿಂದ ಮೊದಲ ರಾವಣನಿಗೆ ಆಕ್ರಿಲಿಕ್ ಬಣ್ಣ ಬಳಿದೆ. ಕೈಯಲ್ಲಿ ಹಿಡಿದು ನೋಡಿದವರೆಲ್ಲ ಹೊಗಳಿದರು. ಹಿಂದಿನಿಂದ ದೀಪ ಹಾಕಿದಾಗ ಪರದೆಯ ಮೇಲೆ ಕಂಡದ್ದು ಕರಿಯ ಹಂಚಿನಂಥ ನೆರಳು. ಬಣ್ಣ ತೊಗಲಿನ ಮೇಲೆ ಕೂತರೆ ಬೆಳಕನ್ನು ತಡೆಯುತ್ತದೆ, ಒಳಗೆ ಇಳಿದರೆ ಮಾತ್ರ ಬೆಳಕನ್ನು ಬಿಡುತ್ತದೆ. ಆಗಿನಿಂದ ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟ್ ಇಟ್ಟು ಅದರ ಮೇಲೆಯೇ ಬಣ್ಣ ಹಾಕುತ್ತೇನೆ, ಮೇಲಿನ ದೀಪವನ್ನು ಆರಿಸಿರುತ್ತೇನೆ. ನೀರಿನಂಥ ಬಣ್ಣವನ್ನು ಮೂರು ನಾಲ್ಕು ಬಾರಿ ಹಚ್ಚಿ, ತಿರುಗಿಸಿ ಹಿಂಬದಿಗೂ ಅದೇ ಗೆರೆಯೊಳಗೆ ಹಚ್ಚಬೇಕು. ಒಂದೇ ಬದಿಯಿಂದ ಹಚ್ಚಿದ ಕೆಂಪು ದೀಪದೆದುರು ತಿಳಿ ಗುಲಾಬಿಯಾಗುತ್ತದೆ. ಬೆಳಕನ್ನು ಪೂರ್ತಿ ತಡೆಯಬೇಕಾದದ್ದು ಹೊರಗೆರೆಯ ಕಪ್ಪು ಮಾತ್ರ, ಅದಕ್ಕೆ ದೀಪದ ಮಸಿಯೇ ಸರಿ. ಕೆಂಪು ಗೆರೆ ದಾಟಿ ಹರಿಯದಂತೆ ನಾನು ಬಣ್ಣಕ್ಕೆ ಗೋಂದಿನ ಜೊತೆ ಬೆರೆಸುವ ಇನ್ನೊಂದು ವಸ್ತುವಿದೆ. ಅದನ್ನು ಹುಡುಕಲು ನನಗೆ ಒಂದು ವರ್ಷ ಬೇಕಾದದ್ದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ.

ಬಣ್ಣದ ಪೊಟ್ಟಣದ ಮೇಲೆ ಕುದಿಯುವ ನೀರಿನಲ್ಲಿ ಕಲಸಲು ಬರೆದಿರುತ್ತದೆ. ಕಲಸಿ, ಪೂರ್ತಿ ಆರಿದ ಮೇಲೆಯೇ ಹಚ್ಚಬೇಕು. ಅವಸರದಲ್ಲಿ ಬಿಸಿಯಾಗಿಯೇ ಹಚ್ಚಿದಾಗ ರಾವಣನ ಬಲಗೈ ಕಣ್ಣೆದುರೇ ಮುದುಡಿ ಗಂಟಾಯಿತು. ಹದ ಮಾಡದ ಹಸಿ ತೊಗಲು ನೆನೆದಿರುವಾಗ ಸುಮಾರು 60 ಡಿಗ್ರಿಯ ಬಿಸಿಗೇ ಕುಗ್ಗುತ್ತದೆ, ಮತ್ತೆ ಎಳೆದರೂ ಹಿಂದಿನಂತಾಗುವುದಿಲ್ಲ.

ಇನ್ನು ಪಾತ್ರದ ರಚನೆ. ನಮ್ಮ ರಾಜ್ಯದ ಹಳೆಯ ತೊಗಲುಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ಸನ್ನಿವೇಶವನ್ನು, ಸಿಂಹಾಸನ ಮತ್ತು ಪರಿವಾರ ಸಹಿತ, ಕೆತ್ತಿರುವುದುಂಟು. ಕೀಲಿಲ್ಲದ ಆ ಬಗೆಯೇ ಗೋಡೆಯ ಚಿತ್ರಕ್ಕೆ ಹೊಂದುತ್ತದೆಯೆಂದು ನಾನು ಆಸ್ಥಾನದಲ್ಲಿ ನಿಂತ ರಾವಣನನ್ನು ಆರಿಸಿಕೊಂಡೆ. ಅವನ ತಲೆಗಳದ್ದು ಲೆಕ್ಕದ ತಕರಾರು: ನಡುವೆ ಒಂದಿಟ್ಟರೆ ಉಳಿಯುವುದು ಒಂಬತ್ತು, ಒಂದು ಬದಿಗೆ ಐದು, ಇನ್ನೊಂದು ಬದಿಗೆ ನಾಲ್ಕು. ಹಾಗೆ ಮಾಡಿದ ಗೊಂಬೆ ಐದು ತಲೆಗಳ ಕಡೆಗೆ ತೂಗಿತು, ಮಳೆಗಾಲದಲ್ಲಿ ಅದೇ ಬದಿ ಮೊದಲು ಬಾಗಿತು. ಕೊನೆಗೆ ಎಡಬಲಕ್ಕೆ ನಾಲ್ಕು ನಾಲ್ಕು ತಲೆಗಳನ್ನು ಹೊರಹೋದಂತೆ ಚಿಕ್ಕದಾಗಿಸಿ, ಹತ್ತನೆಯದನ್ನು ನಡುವಿನ ಕಿರೀಟದ ಮೇಲೆ ಕೂರಿಸಿದೆ. ಕಿರೀಟಗಳ ತುದಿಗಳನ್ನು ಬಿಡಿಯಾಗಿ ಬಿಡದೆ ಹಿಂದೆ ಒಂದು ಪ್ರಭಾವಳಿ ಕೊಟ್ಟು ಎಲ್ಲವನ್ನೂ ಅದಕ್ಕೆ ಸೇರಿಸಿದೆ. ನೋಡುವವರಿಗೆ ಅದು ಅಲಂಕಾರ. ನನಗೆ ಅದು ಒಂಬತ್ತು ಕಿರೀಟಗಳ ತುದಿ ಸುರುಳಿಯಾಗದಂತೆ ಹಾಕಿದ ಪಟ್ಟಿ.

ಮುಖಕ್ಕೆ ನಾನು ಯಕ್ಷಗಾನದ ಬಣ್ಣದ ವೇಷದ ಮೊರೆ ಹೊಕ್ಕೆ. ತೆಂಕುತಿಟ್ಟಿನ ರಾಕ್ಷಸ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದನ್ನು ಚಿಕ್ಕಂದಿನಿಂದ ಚೌಕಿಯಲ್ಲಿ ಕೂತು ನೋಡಿದ್ದೇನೆ. ಆ ಬಿಳಿಯ ಮುಳ್ಳುಗಳನ್ನು ತೊಗಲಿನಲ್ಲಿ ತೂತುಗಳಾಗಿ ಮಾಡಿದರೆ ದೀಪದ ಬೆಳಕೇ ಚುಟ್ಟಿಯಾಗುತ್ತದೆ ಎನ್ನುವ ಯೋಚನೆ ನನ್ನದು, ಬೇರೆಯವರು ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ. ಮೊದಲ ಮುಖದಲ್ಲಿ ಉತ್ಸಾಹ ಹೆಚ್ಚಾಗಿ ಇನ್ನೂರಕ್ಕೂ ಮಿಕ್ಕಿ ತೂತು ಹೊಡೆದೆ. ಅದು ಜರಡಿಯಾಯಿತು, ಬೆಳಕು ಬಂತು, ಮುಖ ಹೋಯಿತು. ಈಗಿನ ರಾವಣನ ನಡುಮುಖದಲ್ಲಿ ಎಪ್ಪತ್ತರ ಆಸುಪಾಸು ತೂತುಗಳಿವೆ, ಹುಬ್ಬು ಮತ್ತು ಕೆನ್ನೆಯ ಅಂಚಿನಲ್ಲಿ ಮಾತ್ರ. ಕಣ್ಣಿನ ಬಿಳಿಯನ್ನು ಪೂರ್ತಿ ಕತ್ತರಿಸಿ ತೆಗೆದು, ಕರಿಯ ಗುಡ್ಡೆಯನ್ನು ಮೇಲೆ ಒಂದು, ಕೆಳಗೆ ಒಂದು ತೊಗಲಿನ ಎಳೆಯಿಂದ ಹಿಡಿಸಿದ್ದೇನೆ. ಪಕ್ಕದ ತಲೆಗಳ ಕಣ್ಣಿಗೆ ಬಣ್ಣ ಮಾತ್ರ. ಇಪ್ಪತ್ತೂ ಕಣ್ಣುಗಳನ್ನು ಕೊರೆದಾಗ ನೋಟ ಚದುರಿ, ಅವನು ಯಾರನ್ನೂ ನೋಡದವನಂತೆ ಕಂಡಿದ್ದ.

ಆಭರಣದ ತೂತುಗಳನ್ನು ನೇರ ಸಾಲಿನಲ್ಲಿ ಒತ್ತೊತ್ತಾಗಿ ಹೊಡೆಯಬಾರದು, ಅಂಚೆಚೀಟಿಯಂತೆ ಆ ಸಾಲಿನಲ್ಲೇ ಹರಿಯುತ್ತದೆ. ನನ್ನ ಒಂದು ಸೊಂಟಪಟ್ಟಿ ಹಾಗೆ ಹರಿದು ಗೊಂಬೆ ಎರಡು ತುಂಡಾಯಿತು. ಎರಡು ತೂತುಗಳ ನಡುವೆ ಕಡಿಮೆಯೆಂದರೆ ಒಂದು ತೂತಿನಷ್ಟು ತೊಗಲು ಬಿಟ್ಟು, ಸಾಲನ್ನು ಮೇಲೆ ಕೆಳಗೆ ಓರೆಯಾಗಿಸುತ್ತೇನೆ. ತೀರಾ ಒಣಗಿದ ತೊಗಲಿಗೆ ಉಳಿ ಇಟ್ಟು ಕೊಡತಿಯಿಂದ ಹೊಡೆದರೆ ಅಂಚು ಸಿಡಿಯುತ್ತದೆ. ಒದ್ದೆ ಇದ್ದರೆ ತೂತು ಆಮೇಲೆ ಮುಚ್ಚಿಕೊಳ್ಳುತ್ತದೆ. ಹಿಂದಿನ ರಾತ್ರಿ ಒದ್ದೆ ಬಟ್ಟೆಯ ಪಕ್ಕದಲ್ಲಿ, ಬಟ್ಟೆಗೆ ತಾಗದಂತೆ, ಮುಚ್ಚಿಟ್ಟರೆ ಬೆಳಿಗ್ಗೆ ಹದ ಸಿಗುತ್ತದೆ. ಉಳಿ ಇಳಿದಾಗ ಟಕ್ಕೆನ್ನದೆ ಮೆತ್ತಗಿನ ಸದ್ದು ಬಂದರೆ ಹದ ಸರಿ.

ಇಷ್ಟೆಲ್ಲ ಮಾಡಿದ ಎರಡನೆಯ ರಾವಣನನ್ನು ಒಂದು ವಸತಿಗೃಹದವರು 18,000 ರೂಪಾಯಿಗೆ ಕೊಂಡರು. ನಾನು ಅದನ್ನು ಆಕ್ರಿಲಿಕ್ ಹಾಳೆಗೆ ಸುತ್ತಲೂ ಅಂಟಿಸಿ ಕೊಟ್ಟಿದ್ದೆ. ಜುಲೈಯಲ್ಲಿ ತೊಗಲು ತೇವ ಹೀರಿ ಹಿಗ್ಗಿ ನಡುವೆ ಉಬ್ಬಿತು. ಮುಂದಿನ ಮಾರ್ಚಿಯಲ್ಲಿ ಕುಗ್ಗಲು ಜಾಗವಿಲ್ಲದೆ ಕಿರೀಟದಿಂದ ಹೆಗಲಿನವರೆಗೆ ಸೀಳಿತು. ಹಣ ಹಿಂದಿರುಗಿಸಿದೆ. ತೊಗಲು ಒಂದಕ್ಕೆ ನೂರು ರೂಪಾಯಿಯ ಆಸುಪಾಸಿಗೆ ಸಿಗುವುದಾದರೂ, ಇಪ್ಪತ್ತೆರಡರಲ್ಲಿ ಹದಿನೈದು ಹಾಳಾದವು. ಬಣ್ಣ, ಚೌಕಟ್ಟು, ಓಡಾಟ ಸೇರಿ ಆ ಹೊತ್ತಿಗೆ ಕೈಬಿಟ್ಟದ್ದು 60,000ಕ್ಕೆ ಕಡಿಮೆಯಿಲ್ಲ.

ಆ ಸೀಳನ್ನು ನೋಡುತ್ತಾ ಕೂತಾಗ ಬುದ್ಧಿ ಬಂತು. ತೊಗಲನ್ನು ಹಿಡಿದು ನಿಲ್ಲಿಸುವ ಬದಲು ಅದಕ್ಕೆ ಹಿಗ್ಗಿ ಕುಗ್ಗಲು ಜಾಗ ಕೊಡಬೇಕಿತ್ತು. ಆಟದ ಗೊಂಬೆಗೆ ಹಳಬರು ಬಿದಿರಿನ ಸೀಳು ಕಟ್ಟುವುದು ಹಾಗೆಯೇ ಅಲ್ಲವೇ. ಮೂರನೆಯ ರಾವಣನ ಬೆನ್ನಿಗೆ ತಲೆಯಿಂದ ಪಾದದವರೆಗೆ ಒಂದು ಸಪೂರ ಬಿದಿರಿನ ಸೀಳನ್ನು ಹೊರಗೆರೆಯ ಕಪ್ಪಿನ ಮೇಲೆಯೇ ಹಾಯುವಂತೆ ದಾರದಿಂದ ಕಟ್ಟಿದೆ, ಹಾಗಾಗಿ ಅದರ ನೆರಳು ಬೇರೆಯಾಗಿ ಕಾಣುವುದಿಲ್ಲ. ಸೀಳಿನ ಮೇಲಿನ ತುದಿಯಿಂದ ಮಾತ್ರ ಗೊಂಬೆಯನ್ನು ತೂಗಿಬಿಟ್ಟೆ. ಎದುರು ಬದಿಗೂ ಹಿಂಬದಿಗೂ ಒಂದೊಂದು ಆಕ್ರಿಲಿಕ್ ಹಾಳೆ, ನಡುವೆ ಕಾಲಿಂಚಿನ ಸಂದು, ಸುತ್ತಲೂ ಅರ್ಧ ಇಂಚು ಖಾಲಿ. ತೊಗಲು ಬಾಗಲು ಹೊರಟರೆ ಹಾಳೆ ತಡೆಯುತ್ತದೆ, ಹಿಗ್ಗಿದರೆ ಅಂಚಿನಲ್ಲಿ ಜಾಗವಿದೆ. ಹಿಂದೆ ಎಲ್‌ಇಡಿ ಪಟ್ಟಿಯನ್ನೇ ಹಾಕಬೇಕು. ಹಳೆಯ ಬಲ್ಬಿನ ಬಿಸಿಗೆ ತೊಗಲು ಒಂದೇ ಬದಿಯಿಂದ ಒಣಗಿ ಬಿಲ್ಲಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ದೀಪ ಉರಿದರೆ ಬೂಸ್ಟು ಹಿಡಿಯುವುದಿಲ್ಲ ಎನ್ನುವುದು ನನ್ನ ಮನೆಯ ಅನುಭವ. ದೀಪ ಹಾಕದ ಮನೆಯಲ್ಲಿ ಹಿಡಿದದ್ದೂ ಉಂಟು.

ತೊಗಲನ್ನು ಸುಣ್ಣಕ್ಕೆ ಹಾಕಿ, ತೊಳೆದು ಒಣಗಿಸುವ ಕೆಲಸವನ್ನು ಈಗ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸುತ್ತೇನೆ. ಮಳೆಗಾಲದಲ್ಲಿ ಚಿತ್ರ ಬರೆಯುವುದು ಮಾತ್ರ. ಸಿದ್ಧವಾದ ತೊಗಲುಗಳು ಹತ್ತಿ ಬಟ್ಟೆಯ ನಡುವೆ, ಹಲಗೆಯ ಭಾರದಡಿಯಲ್ಲಿ, ಚಿಕ್ಕ ಬಲ್ಬು ಉರಿಯುವ ಕಪಾಟಿನಲ್ಲಿರುತ್ತವೆ. ಕಳೆದ ವರ್ಷ ಗುರುಗಳಿಗೆ ಆಗಸ್ಟಿನಲ್ಲಿ ತೆಗೆದ ಚಿತ್ರ ಕಳುಹಿಸಿದೆ. ಅವರು ಹೊಗಳಲಿಲ್ಲ, ಪ್ರಭಾವಳಿಯ ಅಗಲ ಎಷ್ಟಿಟ್ಟಿರಿ ಎಂದು ಕೇಳಿದರು. ಅಗಲ ಹೇಳಿದೆ, ಬಣ್ಣಕ್ಕೆ ಬೆರೆಸುವುದೇನೆಂದು ಅವರಿಗೂ ಹೇಳಲಿಲ್ಲ.

ಈಗ ಮೇಜಿನ ಮೇಲಿರುವುದು ಜಟಾಯು. ಅದರ ರೆಕ್ಕೆಯ ಗರಿಗಳಿಗೆ ಪ್ರಭಾವಳಿಯ ಉಪಾಯ ನಡೆಯುವುದಿಲ್ಲ, ಏಕೆಂದರೆ ಗರಿಯ ತುದಿಗಳನ್ನು ಒಂದಕ್ಕೊಂದು ಸೇರಿಸಿದರೆ ರೆಕ್ಕೆ ಬೀಸಣಿಗೆಯಂತೆ ಕಾಣುತ್ತದೆ. ಬಿಡಿಬಿಡಿಯಾಗಿ ಕತ್ತರಿಸಿದ ಎರಡು ರೆಕ್ಕೆಗಳು ಜೂನ್ ಮುಗಿಯುವ ಮೊದಲೇ ಸುರುಳಿಯಾಗಿವೆ. ಮೂರನೆಯದಕ್ಕೆ ಗರಿಗಳನ್ನು ಅರ್ಧದವರೆಗೆ ಮಾತ್ರ ಸೀಳಿ, ಉಳಿದ ಅರ್ಧವನ್ನು ಕಪ್ಪು ಗೆರೆಯಿಂದ ತೋರಿಸಿ ನೋಡುತ್ತಿದ್ದೇನೆ.